ಟೀವಿಯ ಸದ್ದು ಮನೆಯೆಲ್ಲ ಕೇಳಿಸಬೇಕೆ? ಮೊದಲು ತಡದ ಲೆಕ್ಕ ಹಾಕಿ

ಮನೆಯ ಮೂರು ಕೋಣೆಗಳಲ್ಲಿ ಮೂರು ವೈ-ಫೈ ಸ್ಪೀಕರ್ ಇವೆ ಎಂದುಕೊಳ್ಳಿ. ಫೋನಿನಿಂದ ಹಾಡು ಹಾಕಿದರೆ ಎಲ್ಲ ಕಡೆ ಒಂದೇ ತಾಳದಲ್ಲಿ ಬರುತ್ತದೆ, ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆದು ಹೋದರೂ ಎಲ್ಲೂ ಎಡವುವುದಿಲ್ಲ. ಅದೇ ಸ್ಪೀಕರ್‌ಗಳಿಗೆ ಟೀವಿಯ ಸದ್ದು ಕೊಟ್ಟು ನೋಡಿ. ವಾರ್ತೆ ಓದುವವರ ತುಟಿ ಮುಚ್ಚಿದ ಮೇಲೆ ಮಾತು ಬರುತ್ತದೆ. ಬಾಗಿಲಲ್ಲಿ ನಿಂತರೆ ಪ್ರತಿ ಪದವೂ ಎರಡೆರಡು ಸಲ ಕೇಳುತ್ತದೆ. ನಾನು ಮೊದಲ ಸಲ ಜೋಡಿಸಿದಾಗ ಸ್ಪೀಕರೇ ಕೆಟ್ಟಿದೆ ಎಂದುಕೊಂಡು ಅಂಗಡಿಗೆ ವಾಪಸು ಕೊಡಲು ಹೊರಟಿದ್ದೆ. ಸ್ಪೀಕರ್ ಸರಿಯಾಗಿಯೇ ಇತ್ತು, ನಾನು ಆರಿಸಿದ ದಾರಿ ತಪ್ಪಾಗಿತ್ತು.

ಹಾಡಿಗೂ ಟೀವಿಗೂ ಇರುವ ವ್ಯತ್ಯಾಸ ಇಷ್ಟೇ. ವೈ-ಫೈಯಲ್ಲಿ ಡೇಟಾ ಒಂದೇ ಹದದಲ್ಲಿ ಹರಿಯುವುದಿಲ್ಲ, ತಡವರಿಸಿ ತಡವರಿಸಿ ಬರುತ್ತದೆ. ಅದಕ್ಕಾಗಿ ಪ್ರತಿ ಸ್ಪೀಕರೂ ಸ್ವಲ್ಪ ಸದ್ದನ್ನು ಮೊದಲೇ ಕೂಡಿಟ್ಟುಕೊಂಡು, ಎಲ್ಲವೂ ಗಡಿಯಾರ ಹೊಂದಿಸಿಕೊಂಡು, ಒಟ್ಟಿಗೆ ನುಡಿಸುತ್ತವೆ. ಈ ಕೂಡಿಟ್ಟ ಪಾಲಿಗೇ ಬಫರ್ ಎನ್ನುವುದು. ಹಾಡಿನಲ್ಲಿ ಎರಡು ಸೆಕೆಂಡ್ ಬಫರ್ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ಹೋಲಿಸಿ ನೋಡಲು ಎದುರಿಗೆ ಚಿತ್ರವಿಲ್ಲ. ಟೀವಿಯಲ್ಲಿ ಚಿತ್ರ ಕಾಯುವುದಿಲ್ಲ. ಹಾಗಾಗಿ ಯಾವ ಸಾಧನ ಕೊಳ್ಳಬೇಕು ಎಂದು ಕೇಳುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಯಾವ ಕೋಣೆಯಿಂದ ಪರದೆ ಕಾಣುತ್ತದೆ? ಯಾವ ಯಾವ ಕೋಣೆಗಳ ಸದ್ದು ಒಂದಕ್ಕೊಂದು ಕೇಳುತ್ತದೆ?

ಕಣ್ಣಿನ ಮಿತಿ, ಕಿವಿಯ ಮಿತಿ

ಈ ಎರಡು ಪ್ರಶ್ನೆಗೆ ಎರಡು ಬೇರೆ ಮಿತಿಗಳಿವೆ. ಮೊದಲನೆಯದು ತುಟಿ ಮತ್ತು ಮಾತಿನ ಹೊಂದಾಣಿಕೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಟಿ.1359 ಶಿಫಾರಸಿನ ಪ್ರಕಾರ, ಸದ್ದು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದೆ ಬಂದರೆ ಅಥವಾ ಸುಮಾರು 125 ಮಿಲಿಸೆಕೆಂಡ್ ಹಿಂದೆ ಬಿದ್ದರೆ ನೋಡುವವರಿಗೆ ಅದು ಗೊತ್ತಾಗತೊಡಗುತ್ತದೆ. ಹಿಂದೆ ಬಿದ್ದಿದ್ದು 185 ದಾಟಿದರೆ ಸಹಿಸಲಾಗುವುದಿಲ್ಲ. ಸದ್ದು ತಡವಾಗುವುದನ್ನು ನಮ್ಮ ಮಿದುಳು ಹೆಚ್ಚು ಕ್ಷಮಿಸುತ್ತದೆ. ದೂರದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದವರಿಗೆ ಇದು ಹೊಸದೇನಲ್ಲ: ಏಟು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ.

ಎರಡನೆಯದು ಪ್ರತಿಧ್ವನಿಯ ಮಿತಿ. ಒಂದೇ ಮಾತು ಎರಡು ಸ್ಪೀಕರ್‌ಗಳಿಂದ ಸ್ವಲ್ಪ ಅಂತರದಲ್ಲಿ ಬಂದರೆ ಕಿವಿ ಅವೆರಡನ್ನೂ ಬೆಸೆದು ಒಂದೇ ಎಂದು ಕೇಳುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರ ತಮ್ಮ ಪ್ರಬಂಧದಲ್ಲಿ ಇದನ್ನು ಅಳೆದು ತೋರಿಸಿದರು, ಅದಕ್ಕೇ ಇದಕ್ಕೆ ಹಾಸ್ ಪರಿಣಾಮ ಎಂದು ಹೆಸರು. ಮಾತಿನ ಮಟ್ಟಿಗೆ ಅಂತರ 30 ಮಿಲಿಸೆಕೆಂಡ್ ಒಳಗಿದ್ದರೆ ತೊಂದರೆಯಿಲ್ಲ, 50ರ ಆಸುಪಾಸಿನಲ್ಲಿ ಎರಡಾಗಿ ಒಡೆಯುತ್ತದೆ.

ನೋಡಿ, ಕಿವಿಯ ಮಿತಿ ಕಣ್ಣಿನ ಮಿತಿಗಿಂತ ಎಷ್ಟು ಬಿಗಿ! 75 ಮಿಲಿಸೆಕೆಂಡ್ ತಡವಾದ ಸದ್ದು ತುಟಿಗೆ ಹೊಂದುತ್ತದೆ, ಆದರೆ ಪಕ್ಕದ ಕೋಣೆಯ ಸದ್ದಿನ ಜೊತೆ ಸೇರಿದರೆ ಪ್ರತಿಧ್ವನಿಯಾಗುತ್ತದೆ. ಬಹಳ ಜನ ತುಟಿಯನ್ನಷ್ಟೇ ನೋಡಿ ಸಾಧನ ಕೊಂಡು, ಆಮೇಲೆ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಳ್ಳುವುದು ಇದಕ್ಕೇ.

ಬ್ಲೂಟೂತ್: ಕೈಗೆ ಸಿಗುವ ದಾರಿ, ಮನೆಗೆ ಸಾಲದ ದಾರಿ

ಟೀವಿಯಲ್ಲೇ ಬ್ಲೂಟೂತ್ ಇದ್ದರೆ ಎಲ್ಲರೂ ಮೊದಲು ಪ್ರಯತ್ನಿಸುವುದು ಇದನ್ನೇ. ಖರ್ಚಿಲ್ಲ, ಎರಡು ನಿಮಿಷದ ಕೆಲಸ. ಸದ್ದನ್ನು ಕುಗ್ಗಿಸಿ ಕಳಿಸುವ ಸಾಮಾನ್ಯ ವಿಧಾನವಾದ ಎಸ್‌ಬಿಸಿ ಕೋಡೆಕ್‌ನಲ್ಲಿ 150ರಿಂದ 250 ಮಿಲಿಸೆಕೆಂಡ್ ತಡವಾಗುವುದು ಮಾಮೂಲು. ಕೆಲವು ಟೀವಿಗಳು ಇದನ್ನು ಸರಿದೂಗಿಸಲು ಚಿತ್ರವನ್ನೂ ಸ್ವಲ್ಪ ಹಿಡಿದಿಡುತ್ತವೆ, ಎಲ್ಲವೂ ಹಾಗಲ್ಲ. ನಿಜವಾದ ತೊಡಕು ಬೇರೆ: ಟೀವಿ ಸಾಮಾನ್ಯವಾಗಿ ಒಂದು, ಹೆಚ್ಚೆಂದರೆ ಎರಡು ಬ್ಲೂಟೂತ್ ಸ್ಪೀಕರ್‌ಗೆ ಸದ್ದು ಕಳಿಸುತ್ತದೆ. ಎರಡು ಗೋಡೆ ದಾಟಿದರೆ ಸದ್ದು ತುಂಡಾಗತೊಡಗುತ್ತದೆ. ಟೀವಿಯಿಂದ ಬಂದ ಬ್ಲೂಟೂತ್ ಸದ್ದನ್ನು ಸ್ಪೀಕರ್ ತನ್ನ ವೈ-ಫೈ ಗುಂಪಿಗೆ ಹಂಚುವಂತಿದ್ದರೆ ಬ್ಲೂಟೂತ್‌ನ ತಡದ ಮೇಲೆ ಗುಂಪಿನ ತಡವೂ ಕೂಡಿಕೊಳ್ಳುತ್ತದೆ. ಒಂದೇ ಕೋಣೆಯಲ್ಲಿ ಒಬ್ಬರು ಕೇಳುವುದಕ್ಕೆ ಬ್ಲೂಟೂತ್ ಸಾಕು. ಮನೆಯೆಲ್ಲ ಕೇಳಿಸಬೇಕೆಂದರೆ ಇದನ್ನು ಬಿಡಿ.

ಆರಾಕಾಸ್ಟ್ ಎಂಬ ಹೊಸ ಬಗೆಯ ಬ್ಲೂಟೂತ್ ಇದಕ್ಕೆ ಅಪವಾದ. ಅದರಲ್ಲಿ ಟೀವಿ ಪುಟ್ಟ ರೇಡಿಯೋ ಕೇಂದ್ರದಂತೆ ಬಿತ್ತರಿಸುತ್ತದೆ, ಎಷ್ಟು ಸ್ಪೀಕರ್ ಬೇಕಾದರೂ, ಹಾಗೆಯೇ ಶ್ರವಣ ಸಾಧನಗಳೂ, ಹಿಡಿದುಕೊಳ್ಳಬಹುದು. ತಡವೂ ಕಡಿಮೆ. ಆದರೆ ಟೀವಿಯಲ್ಲೂ ಸ್ಪೀಕರ್‌ನಲ್ಲೂ ಆರಾಕಾಸ್ಟ್ ಇರಲೇಬೇಕು, ಗೋಡೆಗಳ ಅಡ್ಡಿ ಹಾಗೇ ಉಳಿಯುತ್ತದೆ. ಎರಡೂ ಈಗಾಗಲೇ ನಿಮ್ಮಲ್ಲಿದ್ದರೆ ಮೊದಲು ಇದನ್ನು ಪರೀಕ್ಷಿಸಿ. ಇದಕ್ಕೋಸ್ಕರವೇ ಟೀವಿ ಬದಲಿಸಿ ಎಂದು ನಾನು ಹೇಳಲಾರೆ.

ಮಲ್ಟಿ-ರೂಮ್ ಗುಂಪಿನೊಳಗಿನ ಸೌಂಡ್‌ಬಾರ್

ಸೋನೋಸ್‌ನಂಥ ವ್ಯವಸ್ಥೆಗಳಲ್ಲಿ ಟೀವಿಯ ಕೆಳಗಿಡುವ ಉದ್ದನೆಯ ಸ್ಪೀಕರ್, ಅಂದರೆ ಸೌಂಡ್‌ಬಾರ್ ಕೂಡ ಗುಂಪಿನ ಒಂದು ಸ್ಪೀಕರ್. ಟೀವಿಯ ಸದ್ದನ್ನು ಹೊರಗೆ ಕಳಿಸುವ ಹೆಚ್‌ಡಿಎಂಐ ಎಆರ್‌ಸಿ ಕಿಂಡಿಗೆ ಅದನ್ನು ಜೋಡಿಸುತ್ತೀರಿ, ಆ್ಯಪ್‌ನಲ್ಲಿ ಬೇರೆ ಕೋಣೆಗಳನ್ನು ಅದರ ಗುಂಪಿಗೆ ಸೇರಿಸುತ್ತೀರಿ, ಅಷ್ಟೇ. ಇಲ್ಲಿ ತಯಾರಕರು ಒಂದು ಆಯ್ಕೆ ಮಾಡಿಬಿಟ್ಟಿರುತ್ತಾರೆ: ಪರದೆ ಇರುವ ಕೋಣೆಯಲ್ಲಿ ತುಟಿ ಹೊಂದಬೇಕು, ಹಾಗಾಗಿ ಸೌಂಡ್‌ಬಾರ್ ತಕ್ಷಣ ನುಡಿಯುತ್ತದೆ. ಉಳಿದ ಕೋಣೆಗಳು ಅದರ ಹಿಂದೆ ಸ್ವಲ್ಪ ತಡವಾಗಿ ಬರುತ್ತವೆ. ಮಹಡಿಯ ಮೇಲಿನ ಕೋಣೆಗೆ, ಬಾಗಿಲು ಮುಚ್ಚಿದ ಕೋಣೆಗೆ ಇದು ಅತ್ಯುತ್ತಮ. ಹಾಲ್‌ಗೆ ತೆರೆದುಕೊಂಡ ಅಡುಗೆಮನೆಯಲ್ಲಿ ಪ್ರತಿಧ್ವನಿ ಕೇಳಿಸಬಹುದು.

ಈ ದಾರಿಯ ದೊಡ್ಡ ಅನುಕೂಲ ರಿಮೋಟ್. ಎಆರ್‌ಸಿ ಮೂಲಕ ಟೀವಿಯ ರಿಮೋಟೇ ಸೌಂಡ್‌ಬಾರಿನ ಸದ್ದನ್ನು ಏರಿಸಿ ಇಳಿಸುತ್ತದೆ, ಮನೆಯಲ್ಲಿ ಯಾರಿಗೂ ಹೊಸದಾಗಿ ಏನೂ ಕಲಿಸಬೇಕಿಲ್ಲ. ಅನನುಕೂಲವೆಂದರೆ ಒಂದೇ ಕಂಪನಿಗೆ ಕಟ್ಟುಬೀಳುವುದು. ಈಗಾಗಲೇ ಬೇರೆ ಕಂಪನಿಯ ಸೌಂಡ್‌ಬಾರ್ ಇದ್ದರೆ ಮುಂದಿನ ದಾರಿ ನೋಡಿ.

ಟೀವಿಯ ಸದ್ದನ್ನು ಗುಂಪಿಗೆ ತುಂಬುವ ಇನ್‌ಪುಟ್ ಪೆಟ್ಟಿಗೆ

ನನ್ನ ಮನೆಯಲ್ಲಿರುವುದು ಇದು. ಲೈನ್-ಇನ್ ಅಥವಾ ಆಪ್ಟಿಕಲ್ ಇನ್‌ಪುಟ್ ಇರುವ ಒಂದು ಮಲ್ಟಿ-ರೂಮ್ ಸಾಧನವನ್ನು ಟೀವಿಯ ಪಕ್ಕ ಇಡುತ್ತೀರಿ. ವೀಮ್, ಬ್ಲೂಸೌಂಡ್, ಸೋನೋಸ್, ಡೆನಾನ್ ಹಿಯೋಸ್ ಎಲ್ಲದರಲ್ಲೂ ಇಂಥ ಸಾಧನಗಳಿವೆ. ಅದು ಟೀವಿಯ ಸದ್ದನ್ನು ಹಿಡಿದು ಗುಂಪಿನ ಎಲ್ಲ ಸ್ಪೀಕರ್‌ಗೂ ಕಳಿಸುತ್ತದೆ. ಗುಂಪಿನ ಸ್ಪೀಕರ್‌ಗಳು ತಮ್ಮತಮ್ಮಲ್ಲಿ ಕರಾರುವಾಕ್ಕಾಗಿ ಹೊಂದಿರುತ್ತವೆ, ಆದರೆ ಎಲ್ಲವೂ ಒಟ್ಟಾಗಿ ಚಿತ್ರಕ್ಕಿಂತ ಹಿಂದೆ.

ಎಷ್ಟು ಹಿಂದೆ ಎಂಬುದೇ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ. ಸೋನೋಸ್ ಲೈನ್-ಇನ್‌ನಲ್ಲಿ ಅತಿ ಕಡಿಮೆ ಎಂದರೆ ಸುಮಾರು 75 ಮಿಲಿಸೆಕೆಂಡ್, ಅತಿ ಹೆಚ್ಚು ಎರಡು ಸೆಕೆಂಡ್, ಅದನ್ನು ಆ್ಯಪ್‌ನಲ್ಲಿ ನೀವೇ ಆರಿಸಬಹುದು. ತಡವನ್ನು ಬದಲಿಸಲು ಬಿಡದ ಸಾಧನ ಟೀವಿಗೆ ಕೊಳ್ಳಬೇಡಿ, ಎಷ್ಟೇ ಚೆನ್ನಾಗಿ ಹಾಡು ನುಡಿಸಲಿ. ಬಫರ್ ಅತಿ ಕಡಿಮೆ ಇಟ್ಟಾಗ ವೈ-ಫೈ ಒಂದು ಕ್ಷಣ ತಡವರಿಸಿದರೂ ಸದ್ದು ಕಡಿಯುತ್ತದೆ. ಹಾಗೆ ಕಡಿದರೆ ತಕ್ಷಣ ಬಫರ್ ಹೆಚ್ಚಿಸಲು ಹೋಗದೆ ಮೊದಲು ಟೀವಿ ಪಕ್ಕದ ಪೆಟ್ಟಿಗೆಗೆ ರೂಟರ್‌ನಿಂದ ಕೇಬಲ್ ಎಳೆಯಿರಿ. ಎಲ್ಲ ಸ್ಪೀಕರ್‌ಗೂ ಸದ್ದು ಹೊರಡುವುದು ಅಲ್ಲಿಂದಲೇ, ಆ ಒಂದು ಕೊಂಡಿ ಗಟ್ಟಿಯಾದರೆ ಗಾಳಿಯ ಮೇಲಿನ ಪಯಣ ಅರ್ಧಕ್ಕಿಳಿಯುತ್ತದೆ.

ಟೀವಿಯ ಯಾವ ಕಿಂಡಿಯಿಂದ ಸದ್ದು ತೆಗೆಯಬೇಕು? ಹೆಡ್‌ಫೋನ್ ಕಿಂಡಿಗೆ ತಂತಿ ಚುಚ್ಚಿದರೆ ಬಹಳಷ್ಟು ಟೀವಿಗಳು ತಮ್ಮ ಸ್ವಂತ ಸ್ಪೀಕರನ್ನು ಮುಚ್ಚಿಬಿಡುತ್ತವೆ, ಜೊತೆಗೆ ರಿಮೋಟ್‌ನಲ್ಲಿ ಸದ್ದು ಇಳಿಸಿದರೆ ಮನೆಯೆಲ್ಲ ಇಳಿಯುತ್ತದೆ. ಆಪ್ಟಿಕಲ್ ಕಿಂಡಿಯಲ್ಲಿ ಸದ್ದಿನ ಮಟ್ಟ ಸಾಮಾನ್ಯವಾಗಿ ಸ್ಥಿರ, ಪ್ರತಿ ಕೋಣೆಯಲ್ಲೂ ಬೇಕಾದಷ್ಟು ಇಟ್ಟುಕೊಳ್ಳಬಹುದು. ನಾನು ಆಪ್ಟಿಕಲ್ ಕಡೆಗೇ ವಾಲುತ್ತೇನೆ. ಆದರೆ ಟೀವಿಯ ಸೌಂಡ್ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ ಅನ್ನು PCM, ಅಂದರೆ ಕುಗ್ಗಿಸದ ಸಾದಾ ಸದ್ದು, ಎಂದು ಬದಲಿಸುವುದನ್ನು ಮರೆಯಬೇಡಿ. ಅದು Auto ಅಥವಾ Bitstream ಎಂದಿದ್ದರೆ ಟೀವಿ ಡಾಲ್ಬಿ ಕಟ್ಟನ್ನು ಬಿಚ್ಚದೆ ಹಾಗೇ ದಾಟಿಸುತ್ತದೆ, ಸ್ಟೀರಿಯೋ ಮಾತ್ರ ಬಲ್ಲ ಪೆಟ್ಟಿಗೆಗೆ ಅದು ಅರ್ಥವಾಗುವುದಿಲ್ಲ. ಗುರುತು ಹೀಗೆ: ಕೆಲವು ಚಾನೆಲ್‌ಗಳಲ್ಲಿ ಸದ್ದು ಚೆನ್ನಾಗಿ ಬರುತ್ತದೆ, ಸಿನಿಮಾ ಆ್ಯಪ್‌ಗೆ ಹೋದ ಕೂಡಲೇ ಮೌನ ಅಥವಾ ಬರೀ ಗರಗರ ಸದ್ದು. ಜನ ಕೇಬಲ್ ಬದಲಿಸುತ್ತಾ ಸಂಜೆ ಕಳೆಯುತ್ತಾರೆ, ತಪ್ಪು ಇರುವುದು ಮೆನುವಿನ ಒಂದು ಸಾಲಿನಲ್ಲಿ.

ಒಂದು ಮನೆಯ ಲೆಕ್ಕ

ಹಾಲ್‌ನಲ್ಲಿ ಟೀವಿ, ಅದರ ಕೆಳಗೆ ಎಆರ್‌ಸಿ ಮೂಲಕ ಜೋಡಿಸಿದ ಸಾಮಾನ್ಯ ಸೌಂಡ್‌ಬಾರ್. ಆಪ್ಟಿಕಲ್‌ನಿಂದ ಇನ್‌ಪುಟ್ ಪೆಟ್ಟಿಗೆ, ಅಲ್ಲಿಂದ ಅಡುಗೆಮನೆಯ ಮತ್ತು ಮಲಗುವ ಕೋಣೆಯ ಸ್ಪೀಕರ್‌ಗೆ. ಪೆಟ್ಟಿಗೆಯ ತಡ 75 ಮಿಲಿಸೆಕೆಂಡ್. (ಎಆರ್‌ಸಿ ಬಳಸುವಾಗ ಆಪ್ಟಿಕಲ್ ಕಿಂಡಿಯೂ ಜೀವಂತವಾಗಿರುವ ಟೀವಿ ಇದು. ಎಲ್ಲ ಟೀವಿಗಳೂ ಹಾಗಿರುವುದಿಲ್ಲ, ಮೊದಲೇ ಪರೀಕ್ಷಿಸಿ.) ಸದ್ದು ಗಾಳಿಯಲ್ಲಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು ಎಂಬುದನ್ನೂ ನೆನಪಿಡಿ.

ಮಲಗುವ ಕೋಣೆಯ ಬಾಗಿಲು ಮುಚ್ಚಿದೆ, ಪರದೆ ಕಾಣುವುದಿಲ್ಲ, ಹಾಲ್‌ನ ಸದ್ದು ಕೇಳುವುದಿಲ್ಲ. ಅಲ್ಲಿ ತಡ ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ತಲೆನೋವು ಅಡುಗೆಮನೆ.

ಅಡುಗೆಮನೆಯಲ್ಲಿ ನಿಂತವರಿಗೆ ಅಲ್ಲಿನ ಸ್ಪೀಕರ್ ಒಂದೂವರೆ ಮೀಟರ್ ದೂರ, ಅದರ ಸದ್ದು ಮುಟ್ಟುವುದು 75 ಮತ್ತು 4 ಸೇರಿ 79 ಮಿಲಿಸೆಕೆಂಡ್‌ಗೆ. ಸೌಂಡ್‌ಬಾರ್ 8 ಮೀಟರ್ ದೂರ, ಅದರ ಸದ್ದು ತೆರೆದ ಬಾಗಿಲಿನಿಂದ 23 ಮಿಲಿಸೆಕೆಂಡ್‌ಗೇ ಬಂದುಬಿಡುತ್ತದೆ. ಅಂತರ 56. ಮೊದಲು ಮೆಲ್ಲನೆಯ ಮಾತು, ಹಿಂದೆಯೇ ಜೋರಾದ ಅದೇ ಮಾತು. ಮುಂದೆ ಬಂದದ್ದು ಮೆಲ್ಲಗೆ, ಹಿಂದೆ ಬಂದದ್ದು ಜೋರಾಗಿ ಇದ್ದಾಗ ಹಾಸ್ ಪರಿಣಾಮವೂ ಹೆಚ್ಚು ಕೈಹಿಡಿಯುವುದಿಲ್ಲ, ಹಾಗಾಗಿ ಇದು ಎದ್ದು ಕೇಳುತ್ತದೆ. ಎರಡಕ್ಕೂ 4 ಮೀಟರ್ ದೂರದ ಬಾಗಿಲಲ್ಲಿ ನಿಂತರೆ ಅಂತರ ಪೂರ್ತಿ 75.

ಪೆಟ್ಟಿಗೆಯ ತಡವನ್ನು ಇನ್ನೂ ಇಳಿಸಲಾಗದು. ಹಾಗಾದರೆ ಸೌಂಡ್‌ಬಾರನ್ನೇ ತಡ ಮಾಡಿ! ಬಹುತೇಕ ಸೌಂಡ್‌ಬಾರ್‌ಗಳಲ್ಲಿ ಆಡಿಯೋ ಸಿಂಕ್ ಅಥವಾ ಆಡಿಯೋ ಡಿಲೇ ಎಂಬ ಆಯ್ಕೆ ಇರುತ್ತದೆ, ಅದು ಸದ್ದನ್ನು ಹಿಡಿದು ಬಿಡುತ್ತದೆ. ಅಲ್ಲಿ 60 ಮಿಲಿಸೆಕೆಂಡ್ ಇಟ್ಟರೆ ಏನಾಗುತ್ತದೆ ನೋಡಿ. ಅಡುಗೆಮನೆಗೆ ಸೌಂಡ್‌ಬಾರಿನ ಸದ್ದು ಮುಟ್ಟುವುದು 83ಕ್ಕೆ, ಅಲ್ಲಿನ ಸ್ಪೀಕರ್ 79ಕ್ಕೆ, ಎರಡೂ ಬಹುತೇಕ ಒಂದೇ ಆಯಿತು. ಬಾಗಿಲಲ್ಲಿ ಅಂತರ 15. ಹಾಲ್‌ನ ಸೋಫಾ ಸೌಂಡ್‌ಬಾರ್‌ನಿಂದ ಎರಡೂವರೆ ಮೀಟರ್, ಅಲ್ಲಿಗೆ ಸದ್ದು 67ಕ್ಕೆ ಬರುತ್ತದೆ, ತುಟಿಯ 125ರ ಮಿತಿಯೊಳಗೆ ನೆಮ್ಮದಿಯಾಗಿ ಕೂರುತ್ತದೆ. ಅಡುಗೆಮನೆಯ ಸ್ಪೀಕರ್ ಅಲ್ಲಿಗೆ 98ಕ್ಕೆ ಕೇಳಿಸಿದರೂ ಅಂತರ 31, ಅದೂ ದೂರದಿಂದ ಮೆಲ್ಲಗೆ.

ಪೂರ್ತಿ 75 ಇಟ್ಟರೆ ಬಾಗಿಲಲ್ಲಿ ಅಂತರ ಸೊನ್ನೆಯಾಗುತ್ತದಲ್ಲ ಎನ್ನಬಹುದು. ಆಗುತ್ತದೆ. ಆದರೆ ಕಾರ್ಯಕ್ರಮದಲ್ಲೇ ಸದ್ದು ಒಂದಿಷ್ಟು ಹಿಂದೆ ಬಿದ್ದಿರುವ ಸಂದರ್ಭಗಳು ಇರುತ್ತವೆ, ನೇರಪ್ರಸಾರದಲ್ಲಂತೂ ಹೆಚ್ಚು. ಸ್ವಲ್ಪ ಜಾಗ ಬಿಟ್ಟಿರಲಿ ಎಂದು ನಾನು 60ಕ್ಕೇ ನಿಲ್ಲಿಸಿದೆ. ಈ ಡಿಲೇಯನ್ನು ಟೀವಿಯ ಮೆನುವಿನಲ್ಲಿ ಇಡಬೇಡಿ. ಅಲ್ಲಿ ಇಟ್ಟರೆ ಆಪ್ಟಿಕಲ್ ಸದ್ದೂ ತಡವಾಗಬಹುದು, ಎರಡೂ ಒಟ್ಟಿಗೆ ಸರಿದು ಅಂತರ ಹಾಗೇ ಉಳಿಯುತ್ತದೆ.

ಚಿತ್ರವನ್ನೇ ಕಾಯಿಸುವ ದಾರಿ

ಮೇಲಿನ ಎಲ್ಲ ಜಂಜಾಟಕ್ಕೂ ಕಾರಣ ಒಂದೇ: ಸದ್ದಿನ ವ್ಯವಸ್ಥೆಗೆ ಚಿತ್ರದ ಮೇಲೆ ಹಿಡಿತವಿಲ್ಲ. ಚಿತ್ರವನ್ನೂ ಸದ್ದನ್ನೂ ಒಂದೇ ಪೆಟ್ಟಿಗೆ ನಡೆಸುತ್ತಿದ್ದರೆ ಕಥೆಯೇ ಬೇರೆ. ಆ್ಯಪಲ್ ಟೀವಿ ಪೆಟ್ಟಿಗೆಯಿಂದ ವೈ-ಫೈಯಲ್ಲಿ ಸದ್ದು ಕಳಿಸುವ ಆ್ಯಪಲ್‌ನ ವಿಧಾನವಾದ ಏರ್‌ಪ್ಲೇ 2 ಬಲ್ಲ ಹಲವು ಸ್ಪೀಕರ್‌ಗಳಿಗೆ ಒಟ್ಟಿಗೆ ಸದ್ದು ಕಳಿಸಬಹುದು. ಏರ್‌ಪ್ಲೇಯ ಬಫರ್ ಸುಮಾರು ಎರಡು ಸೆಕೆಂಡ್ ಇದ್ದರೂ ತೊಂದರೆಯಿಲ್ಲ, ಪೆಟ್ಟಿಗೆ ಚಿತ್ರವನ್ನೂ ಅಷ್ಟೇ ಹೊತ್ತು ಹಿಡಿದಿಡುತ್ತದೆ. ಎಲ್ಲ ಕೋಣೆಗಳೂ ಒಂದೇ ಸಲ ನುಡಿಯುತ್ತವೆ, ತುಟಿಯೂ ಹೊಂದುತ್ತದೆ, ಬಾಗಿಲಲ್ಲೂ ಪ್ರತಿಧ್ವನಿಯಿಲ್ಲ. ಶುದ್ಧ ಫಲಿತಾಂಶದ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ಬೆಲೆಯಾಗಿ ತೆರುವುದು ಬೇರೆ ರೂಪದಲ್ಲಿ. ವಿರಾಮದ ಗುಂಡಿ ಒತ್ತಿದರೆ, ಮುಂದಕ್ಕೆ ಓಡಿಸಿದರೆ ಸದ್ದು ಮತ್ತೆ ಹೊಂದಿಕೊಳ್ಳಲು ಕ್ಷಣ ಹಿಡಿಯುತ್ತದೆ. ಆಟ ಆಡಲಾಗುವುದಿಲ್ಲ, ಗುಂಡಿ ಒತ್ತಿ ಎರಡು ಸೆಕೆಂಡ್ ಆದ ಮೇಲೆ ಸದ್ದು ಬಂದರೆ ಅದೆಂಥ ಆಟ? ಎಲ್ಲಕ್ಕಿಂತ ಮುಖ್ಯವಾಗಿ, ಆ ಪೆಟ್ಟಿಗೆಯಲ್ಲಿ ನಡೆಯುವ ಕಾರ್ಯಕ್ರಮಕ್ಕೆ ಮಾತ್ರ ಇದು ಅನ್ವಯ. ಸೆಟ್-ಟಾಪ್ ಬಾಕ್ಸ್‌ನ ಚಾನೆಲ್‌ಗಳು ಮುಖ್ಯವಾಗಿದ್ದರೆ ಈ ದಾರಿ ನಿಮ್ಮದಲ್ಲ.

ಕಂಪ್ಯೂಟರ್‌ನಿಂದ ಟೀವಿಗೆ ಸಿನಿಮಾ ಹಾಕುವವರಿಗೆ ಇದರದೇ ಪುಟ್ಟ ರೂಪವೊಂದಿದೆ. ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರ್‌ನಲ್ಲಿ (ವಿಂಡೋಸ್, ಲಿನಕ್ಸ್) J ಕೀಲಿ ಒತ್ತಿದಾಗಲೆಲ್ಲ ಸದ್ದು 50 ಮಿಲಿಸೆಕೆಂಡ್ ಮುಂದಕ್ಕೆ ಬರುತ್ತದೆ, K ಒತ್ತಿದರೆ ಹಿಂದಕ್ಕೆ ಹೋಗುತ್ತದೆ. ಸ್ಪೀಕರ್‌ಗಳು 300 ಮಿಲಿಸೆಕೆಂಡ್ ತಡವಿದ್ದರೆ J ಆರು ಸಲ. ಫೈಲ್ ಮೊದಲೇ ಕೈಯಲ್ಲಿರುವುದರಿಂದ ಸದ್ದನ್ನು ಮುಂಚಿತವಾಗಿ ಕಳಿಸಲು ಅಡ್ಡಿಯಿಲ್ಲ.

ಟೀವಿಗೆ ಮುಂಚೆಯೇ ಸದ್ದನ್ನು ಕದಿಯುವುದು

ಇದನ್ನು ಬಳಸುವವರು ಕಡಿಮೆ. ಇಂದಿನ ಟೀವಿಗಳು ಚಿತ್ರವನ್ನು ತಿದ್ದಿ ತೀಡಿ ತೋರಿಸಲು ಹತ್ತಾರು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತವೆ, ಕೆಲವು 100ರ ಹತ್ತಿರವೂ ಹೋಗುತ್ತವೆ. ಅಷ್ಟೇ ಹೊತ್ತು ತಮ್ಮ ಸದ್ದನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಸೆಟ್-ಟಾಪ್ ಬಾಕ್ಸ್ ಮತ್ತು ಟೀವಿಯ ನಡುವೆ ಸದ್ದನ್ನು ಬೇರ್ಪಡಿಸುವ ಒಂದು ಹೆಚ್‌ಡಿಎಂಐ ಆಡಿಯೋ ಎಕ್ಸ್‌ಟ್ರಾಕ್ಟರ್ ಇಟ್ಟು ಅಲ್ಲಿಂದಲೇ ಸದ್ದನ್ನು ಇನ್‌ಪುಟ್ ಪೆಟ್ಟಿಗೆಗೆ ಕೊಟ್ಟರೆ ಆ ಹಿಡಿದಿಡುವ ಹೊತ್ತು ನಿಮ್ಮ ಪಾಲಿಗೆ ಉಳಿಯುತ್ತದೆ. ಟೀವಿ ಚಿತ್ರಕ್ಕೆ 80 ಮಿಲಿಸೆಕೆಂಡ್ ತೆಗೆದುಕೊಂಡರೆ 75ರ ತಡವಿರುವ ಪೆಟ್ಟಿಗೆಯ ಸದ್ದು ಚಿತ್ರದ ಜೊತೆಜೊತೆಗೇ ಬರುತ್ತದೆ. ಟೀವಿಯನ್ನು ಗೇಮ್ ಮೋಡ್‌ಗೆ ಹಾಕಿದರೆ ಚಿತ್ರ ಬೇಗ ಬಂದು ಈ ಲಾಭ ಹೋಗುತ್ತದೆ, ಅದೊಂದು ಎಚ್ಚರ. ಬಾಕ್ಸ್‌ನ ಮೆನುವಿನಲ್ಲೂ PCM ಇಡಬೇಕು. ಟೀವಿಯೊಳಗಿನ ಆ್ಯಪ್‌ಗಳ ಸದ್ದು ಮಾತ್ರ ಈ ದಾರಿಯಲ್ಲಿ ಬರುವುದಿಲ್ಲ, ಅವು ಎಕ್ಸ್‌ಟ್ರಾಕ್ಟರ್ ದಾಟಿದ ಮೇಲೆ ಹುಟ್ಟುತ್ತವೆ.

ನಿಮ್ಮ ಮನೆಯ ತಡವನ್ನು ಅಳೆಯುವುದು

ಕಿವಿಯನ್ನು ನಂಬಿದರೆ ಐದು ನಿಮಿಷದಲ್ಲಿ ಅದು ಹೊಂದಿಕೊಂಡು ಮೋಸ ಮಾಡುತ್ತದೆ. ಒಂದೇ ಚಪ್ಪಾಳೆ ಕೇಳುವ ವಿಡಿಯೋವೊಂದನ್ನು ಟೀವಿಯಲ್ಲಿ ಹಾಕಿ. ಸೌಂಡ್‌ಬಾರ್‌ಗೂ ಪಕ್ಕದ ಕೋಣೆಯ ಸ್ಪೀಕರ್‌ಗೂ ಸಮ ದೂರದಲ್ಲಿ ನಿಂತು ಫೋನಿನ ರೆಕಾರ್ಡರ್‌ನಲ್ಲಿ ಹಿಡಿಯಿರಿ. ಆ ಫೈಲನ್ನು ಆಡಾಸಿಟಿ ಎಂಬ ಸದ್ದು ತಿದ್ದುವ ತಂತ್ರಾಂಶದಲ್ಲಿ ತೆರೆದರೆ ಎರಡು ಮೊನೆಗಳು ಕಾಣುತ್ತವೆ. ಮೊದಲ ಮೊನೆಯಿಂದ ಎರಡನೆಯದರವರೆಗೆ ಎಳೆದು ಗುರುತು ಮಾಡಿದರೆ ಕೆಳಗೆ ಅಂತರ ಬರೆದಿರುತ್ತದೆ. ಸಮ ದೂರ ಸಿಗದಿದ್ದರೆ ಪ್ರತಿ ಮೀಟರ್ ವ್ಯತ್ಯಾಸಕ್ಕೆ 3 ಮಿಲಿಸೆಕೆಂಡ್ ಕಳೆಯಿರಿ ಅಥವಾ ಕೂಡಿಸಿ.

ಹತ್ತು ಹತ್ತು ನಿಮಿಷ ಬಿಟ್ಟು ಮೂರು ಸಲ ಅಳೆಯಿರಿ. ಮೂರೂ ಸಲ ಒಂದೇ ಅಂಕಿ ಬಂದರೆ ಅದನ್ನು ಸೌಂಡ್‌ಬಾರಿನ ಡಿಲೇಯಿಂದ ತುಂಬಬಹುದು. ಒಮ್ಮೆ 80, ಒಮ್ಮೆ 140, ಒಮ್ಮೆ 95 ಎಂದು ಕುಣಿಯುತ್ತಿದ್ದರೆ ಯಾವ ಡಿಲೇ ಇಟ್ಟರೂ ನಿಲ್ಲುವುದಿಲ್ಲ. ನನ್ನ ಮೊದಲ ಜೋಡಣೆ ಹೀಗೆ ಕುಣಿಯುತ್ತಿತ್ತು: ಟೀವಿಯಿಂದ ಬ್ಲೂಟೂತ್‌ನಲ್ಲಿ ಒಂದು ಸ್ಪೀಕರ್‌ಗೆ, ಅಲ್ಲಿಂದ ವೈ-ಫೈಯಲ್ಲಿ ಉಳಿದವಕ್ಕೆ. ನಡುವಿನ ಬ್ಲೂಟೂತ್ ತೆಗೆದು ಆಪ್ಟಿಕಲ್ ತಂತಿ ಹಾಕಿದ ದಿನ ಅಂಕಿ 75ಕ್ಕೆ ಬಂದು ನಿಂತಿತು.